ಕಟ್ಟೆ ಎತ್ತರವಾಯಿತು, ಹೊರಹೋಗುವ ದಾರಿ ಎಲ್ಲಿ?

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರು, ಲಖಮಾಪುರದಂಥ ಊರುಗಳಿಗೆ ನೀರು ನುಗ್ಗಿತು. ಪಟ್ಟದಕಲ್ಲಿನ ಗುಡಿಗಳೂ ಮುಳುಗಿದವು. ಪೂರ್ತಿ ಬಿದ್ದ ಮನೆಗಳಿಗೆ ಸರ್ಕಾರ 5 ಲಕ್ಷ ರೂಪಾಯಿಯ ನೆರವು ಘೋಷಿಸಿತು. ಆಮೇಲೆ ಹೊಳೆದಂಡೆಯ ಊರುಗಳಲ್ಲಿ ಮನೆ ಕಟ್ಟುವವರೆಲ್ಲ ನೆರೆಗೆ ಕಂಡುಕೊಂಡ ಉತ್ತರ ಒಂದೇ: ಕಟ್ಟೆ ಎತ್ತರಿಸುವುದು. ಉತ್ತರ ತಪ್ಪಲ್ಲ, ಆದರೆ ಅರ್ಧಕ್ಕೇ ನಿಂತಿದೆ. ಆ ಕಟ್ಟೆಯನ್ನು ಕಟ್ಟುತ್ತಿರುವ ರೀತಿಯ ಬಗ್ಗೆಯೂ ನನಗೆ ತಕರಾರಿದೆ.

ಮೊದಲ ಪ್ರಶ್ನೆ, ಎಷ್ಟು ಎತ್ತರ? ಹೆಚ್ಚಿನ ಕಡೆ ಮುಂದಿನ ರಸ್ತೆ ನೋಡಿ, ಅದಕ್ಕಿಂತ ಮೂರು ಅಡಿ ಮೇಲೆ ಎಂದು ಗೌಂಡಿ ಹಗ್ಗ ಹಿಡಿಯುತ್ತಾನೆ. ಆದರೆ ರಸ್ತೆಯ ಮಟ್ಟ ಇದ್ದಲ್ಲೇ ಇರುವುದಿಲ್ಲ. ಹಳೆಯ ಕಾಂಕ್ರೀಟ್ ಕೀಳದೆ ಅದರ ಮೇಲೆಯೇ ಹೊಸದನ್ನು ಸುರಿಯುವುದು ನಮ್ಮ ಓಣಿಗಳ ರೂಢಿ. ಎರಡು ಸಲ ಹಾಗೆ ಸುರಿದರೆ ಮೂರು ಅಡಿಯ ಕಟ್ಟೆ ಎರಡು ಅಡಿಗೆ ಇಳಿಯುತ್ತದೆ. ಅಳತೆ ಹಿಡಿಯಬೇಕಾದದ್ದು ನೆರೆ ಬಿಟ್ಟುಹೋದ ಗುರುತಿನಿಂದ. ಶಾಲೆಯ ಗೋಡೆ, ಗುಡಿಯ ಕಂಬ, ಇನ್ನೂ ನಿಂತಿರುವ ಹಳೇ ಮನೆ, ಎಲ್ಲಿಯಾದರೂ ಆ ಕೆಸರಿನ ಗೆರೆ ಸಿಗುತ್ತದೆ. ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ಆ ಮಟ್ಟವನ್ನು ನಿಮ್ಮ ಜಾಗಕ್ಕೆ ತರಬಹುದು. ಅದರ ಮೇಲೆ ಕನಿಷ್ಠ ಒಂದು ಅಡಿ ಸೇರಿಸಿದರೆ ಕಟ್ಟೆಯ ಎತ್ತರ ಸಿಕ್ಕಿತು.

ನೆರೆಯ ಗುರುತು ನೆಲದಿಂದ ಎರಡೂವರೆ ಅಡಿ ಇದೆ ಎನ್ನೋಣ. ಕಟ್ಟೆ ಮೂರೂವರೆ ಅಡಿ ಬೇಕು. 20 ಅಡಿ ಅಗಲ, 30 ಅಡಿ ಉದ್ದದ ಮನೆಗೆ, ಗೋಡೆಗಳ ಜಾಗ ಕಳೆದರೂ, ಒಳಗೆ ಸುಮಾರು 16 ಬ್ರಾಸ್ ಗಟ್ಟಿಯಾದ ತುಂಬು ಹಿಡಿಸುತ್ತದೆ. ಸಡಿಲ ಗರಸನ್ನು ಲಾರಿಯಲ್ಲಿ ತರಿಸಿದರೆ 20 ಬ್ರಾಸ್‌ಗೆ ಕಡಿಮೆಯಾಗದು. ಈ ಖರ್ಚು ಕಣ್ಣಿಗೆ ಕಾಣುವುದಿಲ್ಲ. ನೆರವಿನ ಹಣವೋ ಹಂತ ಹಂತವಾಗಿ ಬರುತ್ತದೆ. ಹೀಗಾಗಿ ತಳಪಾಯಕ್ಕೆ ಅಗೆದ ಎರೆ ಮಣ್ಣನ್ನೇ ಒಳಗೆ ಸುರಿದು ಮೇಲೆ ಫರ್ಸಿ ಹಾಸಿಬಿಡುತ್ತಾರೆ. ಮಲಪ್ರಭೆಯ ದಂಡೆಯ ಮನೆಗಳಲ್ಲಿ ನಾನು ಕಾಣುವ ಅತಿ ದೊಡ್ಡ ದೋಷ ಇದು.

ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಟ್ಟು ಕುಗ್ಗುತ್ತದೆ. ಕಟ್ಟೆಯೊಳಗೆ ಕೂತ ಅದು ಉಬ್ಬಿದಾಗ ಫರ್ಸಿ ಎತ್ತುತ್ತದೆ, ಕಟ್ಟೆಯ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ನೆರೆ ಏರುವಾಗ ಹೊರಗಿನ ನೀರೂ ಒಳಗಿನ ಒದ್ದೆ ಮಣ್ಣೂ ಎದುರುಬದುರಾಗಿ ಒತ್ತುವುದರಿಂದ ಗೋಡೆ ನಿಂತಿರುತ್ತದೆ. ಹೊಳೆ ಸರಸರನೆ ಇಳಿದಾಗ ಹೊರಗಿನ ಆಸರೆ ಹೋಗುತ್ತದೆ, ಒಳಗಿನ ನೀರು ಮಾತ್ರ ಹಾಗೇ ಉಳಿಯುತ್ತದೆ. ನೀರು ಇಳಿದ ಮೇಲೆ ಕಟ್ಟೆ ಒಡೆಯುವುದು ಇದರಿಂದಲೇ. ಹಾಗಾಗಿ ಗರಸನ್ನು ಆರೇಳು ಇಂಚಿನ ಪದರವಾಗಿ ಹಾಕಿ, ನೀರು ಚಿಮುಕಿಸಿ, ಪ್ರತಿ ಪದರಕ್ಕೂ ದಮ್ಮಸು ಹೊಡೆಯಬೇಕು. ಕಟ್ಟೆಯ ಗೋಡೆಯ ಬುಡದಲ್ಲಿ ಐದಾರು ಅಡಿಗೊಂದು ಎರಡಿಂಚಿನ ಪೈಪು ಇಟ್ಟು, ಅದರ ಹಿಂದೆ ಜಲ್ಲಿ ತುಂಬಿದರೆ ಒಳಗಿನ ನೀರು ಬಸಿದುಹೋಗುತ್ತದೆ. ಕಟ್ಟೆಯ ನಡುಭಾಗ ಹೊರಗೆ ಉಬ್ಬಿದ್ದರೆ ಅಥವಾ ಫರ್ಸಿಯನ್ನು ತಟ್ಟಿದಾಗ ಟೊಳ್ಳು ಸದ್ದು ಬಂದರೆ ತುಂಬು ಕೆಟ್ಟಿದೆ ಎಂದು ತಿಳಿಯಬಹುದು.

ಸಾಮಗ್ರಿಯ ವಿಷಯದಲ್ಲಿ ಮಣ್ಣನ್ನು ಪೂರ್ತಿ ತಳ್ಳಿಹಾಕಿದ್ದು ನನಗೆ ಒಪ್ಪಿಗೆಯಿಲ್ಲ. ಬಿದ್ದ ಹಳೇ ಮನೆಗಳಲ್ಲಿ ಸೋತದ್ದು ಮುಖ್ಯವಾಗಿ ಎರಡು: ನೆನೆದ ಕಚ್ಚಾ ಇಟ್ಟಿಗೆ, ಮತ್ತು ಎರಡು ಮೈ ಕಲ್ಲಿನ ನಡುವೆ ಬರೀ ಮಣ್ಣು ತುರುಕಿದ ಗೋಡೆ. ಎರಡೂ ಮೈಯನ್ನು ಬಿಗಿಯುವ ಅಡ್ಡಗಲ್ಲು ಅವುಗಳಲ್ಲಿ ಇರಲಿಲ್ಲ. ನೆರೆಯ ಗುರುತಿನ ಕೆಳಗೆ ಸಿಮೆಂಟ್ ಇಲ್ಲವೇ ಸುಣ್ಣದ ಗಾರೆಯಲ್ಲಿ ಕಟ್ಟಿದ ಕಲ್ಲು ಅಥವಾ ಸುಟ್ಟ ಇಟ್ಟಿಗೆ ಇರಲಿ. ಕಟ್ಟೆಯ ತಲೆಯ ಮೇಲೆ ಸುತ್ತ ಒಂದು ಕಾಂಕ್ರೀಟ್ ಪಟ್ಟಿ ಬರಲಿ. ಅದರ ಮೇಲಕ್ಕೆ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಇದರ ಮೇಲೆ ದಶಕಗಳ ಕೆಲಸ ಮಾಡಿದೆ. ಒಂದು ಎಚ್ಚರಿಕೆ: ಆ ಇಟ್ಟಿಗೆಯನ್ನು ಒಣಗಿದ್ದಾಗ ಪರೀಕ್ಷಿಸಿ ಕೊಳ್ಳಬಾರದು. ಎರಡು ದಿನ ನೀರಲ್ಲಿ ಮುಳುಗಿಸಿಟ್ಟು ಎತ್ತಿದಾಗ ಅಂಚು ಕರಗಿದ್ದರೆ ಅದು ಹೊಳೆದಂಡೆಗೆ ಲಾಯಕ್ಕಲ್ಲ. ಬರೀ ಎರೆ ಮಣ್ಣಿಗೆ ಸಿಮೆಂಟ್ ಬೆರೆಸಿದರೆ ಈ ಇಟ್ಟಿಗೆ ಚೆನ್ನಾಗಿ ಬರುವುದೂ ಇಲ್ಲ.

ಇನ್ನು ದಾರಿ. ಇದನ್ನು ಮನೆಯ ನಕ್ಷೆಯಲ್ಲಿ ಯಾರೂ ಬರೆಯುತ್ತಿಲ್ಲ. ಮನೆಯಿಂದ ಎತ್ತರದ ಜಾಗಕ್ಕೆ ಹೋಗುವ ರಸ್ತೆಯಲ್ಲಿ ಒಂದು ತಗ್ಗು ಇದ್ದೇ ಇರುತ್ತದೆ, ಹೆಚ್ಚಾಗಿ ಹಳ್ಳದ ಮೋರಿಯ ಹತ್ತಿರ. ಆ ತಗ್ಗು ನಿಮ್ಮ ಕಟ್ಟೆಗಿಂತ ನಾಲ್ಕು ಅಡಿ ಕೆಳಗಿದ್ದರೆ, ಹೊಸ್ತಿಲಿಗೆ ನೀರು ತಾಗುವ ಹೊತ್ತಿಗೆ ರಸ್ತೆಯ ಮೇಲೆ ನಾಲ್ಕು ಅಡಿ ನೀರು ಹರಿಯುತ್ತಿರುತ್ತದೆ. ಸೆಳೆತ ಜೋರಿದ್ದರೆ ಮೊಣಕಾಲುದ್ದದ ನೀರೇ ಮನುಷ್ಯನನ್ನು ಕೆಡವುತ್ತದೆ. ಎತ್ತರದ ಕಟ್ಟೆ ಇಲ್ಲಿ ಧೈರ್ಯ ಕೊಟ್ಟು ಜನರನ್ನು ಮನೆಯಲ್ಲೇ ಕೂರಿಸುತ್ತದೆ. ನವಿಲುತೀರ್ಥದ ಜಲಾಶಯದಿಂದ ನೀರು ಬಿಡುವಾಗ ಡಂಗುರ, ಮೈಕು, ಫೋನು ಯಾವುದಾದರೂ ಮುನ್ಸೂಚನೆ ಕೊಡಬಹುದು. ಬೆಣ್ಣೆಹಳ್ಳ ಮೇಲಿನ ಸೀಮೆಯ ಮಳೆಗೆ ತಾನೇ ಉಕ್ಕುತ್ತದೆ, ಅದಕ್ಕೆ ಬಾಗಿಲು ಹಾಕುವವರಿಲ್ಲ. ಆದ್ದರಿಂದ ಹೊರಡುವ ಗಳಿಗೆಯನ್ನು ಹೊಸ್ತಿಲು ನೋಡಿ ತೀರ್ಮಾನಿಸಬಾರದು. ಮೋರಿಯ ಪಕ್ಕದ ಕಂಬಕ್ಕೆ ಕೆಂಪು ಗೆರೆ ಬಳಿದು, ಅಲ್ಲಿಗೆ ನೀರು ಬಂದರೆ ಹೊರಡುವುದು ಎಂದು ಊರೇ ಒಪ್ಪಿಕೊಳ್ಳಬೇಕು.

ಜನ ಹೊರಡದಿರುವುದಕ್ಕೆ ಬಹಳ ಸಲ ಕಾರಣ ದನ. ಮೂರೂವರೆ ಅಡಿಯ ಕಟ್ಟೆಗೆ ಏಳು ಮೆಟ್ಟಿಲು ಕಟ್ಟಿದರೆ ಎಮ್ಮೆ ಹತ್ತುವುದಿಲ್ಲ, ಮುದುಕರೂ ಕಷ್ಟಪಡುತ್ತಾರೆ. ಎಂಟಕ್ಕೊಂದರಂತೆ ಇಳಿಜಾರು ಕಟ್ಟಲು 28 ಅಡಿ ಉದ್ದ ಬೇಕು. ಅಂಗಳ ಚಿಕ್ಕದಿದ್ದರೆ ಮನೆಯ ಪಕ್ಕದ ಗೋಡೆಗುಂಟ ತಿರುಗಿಸಬಹುದು, ಆದರೆ ನಕ್ಷೆ ಬರೆಯುವಾಗಲೇ ಜಾಗ ಬಿಟ್ಟಿರಬೇಕು.

ಬಾಗಿಲ ಲೆಕ್ಕವನ್ನೂ ನೋಡಿ. ಹೊರಕ್ಕೆ ತೆರೆಯುವ ಮೂರು ಅಡಿ ಅಗಲದ ಬಾಗಿಲಿಗೆ ಹೊರಗಡೆ ಎರಡು ಅಡಿ ನೀರು ನಿಂತು, ಒಳಗೆ ಇನ್ನೂ ಸೇರಿಲ್ಲ ಎಂದರೆ, ಅದರ ಮೇಲೆ ಬೀಳುವ ಒತ್ತಡ ಸುಮಾರು 170 ಕಿಲೋ ತೂಕದಷ್ಟು. ಮನೆಯಲ್ಲಿ ಒಬ್ಬಳೇ ಇರುವ ಹೆಣ್ಣುಮಗಳು ಅದನ್ನು ತಳ್ಳಲಾರಳು. ನಮ್ಮ ಹಳೇ ಮನೆಗಳ ಬಾಗಿಲು ಒಳಕ್ಕೇ ತೆರೆಯುತ್ತಿತ್ತು, ಅದೇ ಸರಿ. ಅಗ್ಗದ ಪ್ಲೈವುಡ್ ಬಾಗಿಲು ಮಾತ್ರ ನೆನೆದು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಹಿಂಬದಿಯ ಒಂದು ಕಿಟಕಿಯ ಸರಳಿಗಾದರೂ ತಿರುಗಣಿ ಹಾಕಿ, ಒಳಗಿನಿಂದ ತೆಗೆಯುವಂತಿರಲಿ. ಮಾಳಿಗೆಗೆ ಹೋಗುವ ಮೆಟ್ಟಿಲು ಅಂಗಳದಿಂದ ಅಲ್ಲ, ಕಟ್ಟೆಯ ಮೇಲಿನಿಂದಲೇ ಶುರುವಾಗಬೇಕು. ಎಷ್ಟೋ ಹೊಸ ಮನೆಗಳಲ್ಲಿ ಮೊದಲ ಮೆಟ್ಟಿಲಿಗೆ ಕಾಲಿಡಲು ನೀರಿಗೇ ಇಳಿಯಬೇಕು.

ನೆರೆಯ ಗುರುತು ಐದಾರು ಅಡಿ ದಾಟಿದ ಜಾಗದಲ್ಲಿ ಇದಾವುದೂ ಸಾಲದು. ಅಲ್ಲಿ ಕಂಬಗಳ ಮೇಲಿನ ಮನೆ, ಇಲ್ಲವೇ ಊರು ಬಿಡುವುದು. 2009ರ ನೆರೆಯ ನಂತರ ಕಟ್ಟಿದ ಆಸರೆ ಮನೆಗಳಿಗೆ ಹೋಗದೆ ಎಷ್ಟೋ ಜನ ಹಳೇ ಊರಲ್ಲೇ ಉಳಿದರು. ಹೊಲ, ದನ ದೂರವಾದದ್ದು ಅದಕ್ಕೆ ದೊಡ್ಡ ಕಾರಣ, ಅದನ್ನು ಹಟ ಎನ್ನಲಾಗದು.

ಈ ಬೇಸಿಗೆಯಲ್ಲಿ ಹೊಳೆದಂಡೆಯಲ್ಲಿ ಮನೆಗೆ ಪಾಯ ತೆಗೆಯುವವರು ಗರಸಿಗೆ ಮುಂಗಡ ಕೊಡುವ ಮುಂಚೆ ಒಮ್ಮೆ ಆ ಮೋರಿಯ ತನಕ ನಡೆದುಹೋಗಿ, ಅಲ್ಲಿಗೂ ನಿಮ್ಮ ಹೊಸ್ತಿಲಿಗೂ ಎಷ್ಟು ಅಡಿ ವ್ಯತ್ಯಾಸ ಎಂದು ಅಳೆದು ಬರೆದಿಟ್ಟುಕೊಳ್ಳಿ.