ಟ್ಯಾಂಕು ತುಂಬಿತು, ಮೋಟರ್ ಆಫ್ ಮಾಡೋರು ಯಾರು?

ಆರ್ಡುಯಿನೊ ಹುಚ್ಚು ಹತ್ತಿಸಿಕೊಂಡವರ ಮೇಜಿನ ಡ್ರಾಯರ್ ಎಳೆದು ನೋಡಿದರೆ ಅವರು ನಡೆದು ಬಂದ ದಾರಿ ತಿಳಿಯುತ್ತದೆ. 13ನೇ ಪಿನ್ನಿನಲ್ಲಿ ಮಿಣುಕಿದ ಎಲ್‌ಇಡಿ, ಎಲ್‌ಸಿಡಿ ಪರದೆಯ ಮೇಲೆ ಓಡಿದ ಗಡಿಯಾರ, ಚಪ್ಪಾಳೆ ತಟ್ಟಿದರೆ ಹೊತ್ತಿಕೊಳ್ಳುವ ದೀಪ. ಮೂರೂ ಒಂದೊಂದು ವಾರ ಮನೆಯವರ ಮೆಚ್ಚುಗೆ ಗಳಿಸಿ ಈಗ ವೈರುಗಳ ಗಂಟಿನಲ್ಲಿ ಮಲಗಿವೆ. ಇವುಗಳಲ್ಲಿ ಯಾವುದು ಕೆಟ್ಟರೂ ಮನೆ ಎಂದಿನಂತೆ ನಡೆಯುತ್ತದೆ. ಬೇಸರದ ಮೂಲ ಇರುವುದೇ ಅಲ್ಲಿ.

ಮುಂದಿನ ಮೆಟ್ಟಿಲಿಗೆ ಸಲಹೆಗಳೇನೋ ಬೇಕಾದಷ್ಟಿವೆ. ಕುಂಡದ ಮಣ್ಣು ಒಣಗಿದರೆ ನೀರು ಬಿಡುವುದು, ಬಚ್ಚಲಿನಲ್ಲಿ ಹಬೆ ಹೆಚ್ಚಿದರೆ ಫ್ಯಾನ್ ತಿರುಗಿಸುವುದು, ಅಡುಗೆಮನೆಯಲ್ಲಿ ಗ್ಯಾಸ್ ಸೋರಿದರೆ ಕೂಗಿಕೊಳ್ಳುವುದು. ಕೊನೆಯದು ಉಪಯುಕ್ತವೇ, ಆದರೆ ಸೋರಿಕೆ ಆಗುವವರೆಗೂ ಅದು ಸರಿಯಾಗಿದೆಯೋ ಇಲ್ಲವೋ ತಿಳಿಯದು. ದಿನವೂ ಪರೀಕ್ಷೆಗೆ ಒಳಗಾಗುವ, ತಪ್ಪಿದರೆ ಅಂದೇ ಬೈಗುಳ ತಿನ್ನಿಸುವ ಕೆಲಸವೊಂದು ಕರ್ನಾಟಕದ ಬಹಳಷ್ಟು ಸ್ವಂತ ಮನೆಗಳಲ್ಲಿದೆ: ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ನೀರೇರಿಸುವ ಮೋಟರ್. ಯಾರೋ ಆನ್ ಮಾಡುತ್ತಾರೆ, ಎಲ್ಲರೂ ಮರೆಯುತ್ತಾರೆ, ಕೊನೆಗೆ ಪಕ್ಕದ ಮನೆಯವರು ಕೂಗಿ ಹೇಳುತ್ತಾರೆ.

ಮಾರುಕಟ್ಟೆಯಲ್ಲಿ ಇದಕ್ಕೆಂದೇ ಸಿದ್ಧ ಪೆಟ್ಟಿಗೆಗಳು ಸಿಗುತ್ತವೆ ಎಂಬ ಆಕ್ಷೇಪ ಸರಿಯಾದದ್ದೇ. ನೀರು ಏರಿದರೆ ಸಾಕು ಎನ್ನುವವರು ಅದನ್ನೇ ಕೊಳ್ಳಲಿ. ಹವ್ಯಾಸಿಗೆ ಇಲ್ಲಿರುವ ಸ್ವಾರಸ್ಯ ಬೇರೆ. ಎಲ್ಲವೂ ಸರಿಯಿದ್ದಾಗ ನಡೆಯುವ ಪ್ರೋಗ್ರಾಂ ಹತ್ತು ಸಾಲಿನದು. ವೈರು ತುಂಡಾದಾಗ, ಸೆನ್ಸರ್ ಕುರುಡಾದಾಗ, ಸಂಪು ಬರಿದಾದಾಗ ಏನಾಗಬೇಕು ಎಂಬುದರಲ್ಲೇ ಉಳಿದ ಕೆಲಸವೆಲ್ಲ ಇದೆ.

ಮೊದಲು ನೀರಿನ ಮಟ್ಟ. ಟ್ಯಾಂಕಿನೊಳಗೆ ಎರಡು ಸ್ಟೀಲ್ ಕಡ್ಡಿ ಇಳಿಬಿಟ್ಟು, ನೀರು ತಾಗಿದರೆ ಕರೆಂಟ್ ಹರಿಯುವ ಹಳೆಯ ಉಪಾಯವನ್ನು ಬಹಳ ಜನ ಮಾಡಿ ನೋಡಿರುತ್ತಾರೆ. ಸದಾ ಡಿಸಿ ಹರಿಯುವ ಕಡ್ಡಿ ನೀರಿನಲ್ಲಿ ಸವೆಯುತ್ತದೆ, ಬೋರ್‌ವೆಲ್‌ನ ಗಡಸು ನೀರಾದರೆ ಬಿಳಿ ಪೊರೆಯೂ ಕಟ್ಟುತ್ತದೆ. ಇದಕ್ಕಿಂತ ನೀರನ್ನು ಮುಟ್ಟದೆಯೇ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ಮೇಲು. ಕಿಟ್‌ಗಳಲ್ಲಿ ಬರುವ ಎರಡು ಕಣ್ಣಿನ ಎಚ್‌ಸಿ-ಎಸ್‌ಆರ್04 ಟ್ಯಾಂಕಿನ ತೇವಕ್ಕೆ ಬಾಳುವುದಿಲ್ಲ. ಕಾರಿನ ರಿವರ್ಸ್ ಸೆನ್ಸರ್‌ನಂಥ ಒಂದೇ ತಲೆಯ, ನೀರಿಗೆ ಜಗ್ಗದ ಜೆಎಸ್‌ಎನ್-ಎಸ್‌ಆರ್04ಟಿ ಬೇಕು. ಆದರೆ ಅದಕ್ಕೆ ತೀರಾ ಹತ್ತಿರದ್ದು ಕಾಣಿಸುವುದಿಲ್ಲ. ಸುಮಾರು 20ರಿಂದ 25 ಸೆಂಟಿಮೀಟರ್ ಒಳಗಿನದೆಲ್ಲ ಅದಕ್ಕೆ ಕತ್ತಲೆ. ಹಾಗಾಗಿ ತುಂಬಿದ ನೀರಿನ ಗೆರೆಗಿಂತ 30 ಸೆಂಟಿಮೀಟರ್ ಮೇಲಾದರೂ ಅದನ್ನು ಕೂರಿಸಬೇಕು.

ಒಂದು ಲೆಕ್ಕ ಹಾಕಿ ನೋಡೋಣ. ಒಳ ವ್ಯಾಸ 1 ಮೀಟರ್, ನೀರು ನಿಲ್ಲುವ ಎತ್ತರ 120 ಸೆಂಟಿಮೀಟರ್ ಇರುವ ಟ್ಯಾಂಕು ಎನ್ನಿ. ಪ್ರತಿ ಸೆಂಟಿಮೀಟರಿಗೆ ಸುಮಾರು 8 ಲೀಟರ್. ಸೆನ್ಸರ್ 30 ಸೆಂಟಿಮೀಟರ್ ಮೇಲಿದ್ದರೆ ತುಂಬಿದ ಟ್ಯಾಂಕಿಗೆ ಅದು ಹೇಳುವುದು 30, ಬರಿದಾದ ಟ್ಯಾಂಕಿಗೆ 150. ಶೇ 30ಕ್ಕೆ ಇಳಿದಾಗ, ಅಂದರೆ ಅದು 114 ಎಂದಾಗ, ಮೋಟರ್ ಆನ್ ಆಗಲಿ. ಶೇ 90ಕ್ಕೆ ಏರಿದಾಗ, 42 ಎಂದಾಗ, ಆಫ್ ಆಗಲಿ. ನಡುವಿನ ಈ ದೊಡ್ಡ ಅಂತರ ಬೇಕೇ ಬೇಕು. ಆನ್‌ಗೂ ಆಫ್‌ಗೂ ಒಂದೇ ಗೆರೆ ಇಟ್ಟರೆ ಒಬ್ಬರು ಕೈ ತೊಳೆದಾಗಲೆಲ್ಲ ಮೋಟರ್ ಒಮ್ಮೆ ಗುಡುಗಿ ಸುಮ್ಮನಾಗುತ್ತದೆ. ಈ ಅಂತರದ ನೀರು ಸುಮಾರು 565 ಲೀಟರ್. ಮೋಟರ್ ನಿಮಿಷಕ್ಕೆ 25 ಲೀಟರ್ ಏರಿಸುತ್ತದೆಂದಾದರೆ 23 ನಿಮಿಷದ ಕೆಲಸ. ಈ 23 ಎಂಬ ಸಂಖ್ಯೆಯನ್ನು ಓದುಗರು ನೆನಪಿಡಲಿ, ಮುಂದೆ ಬೇಕಾಗುತ್ತದೆ.

ಬೇಸಿಗೆಯ ಬಿಸಿಗೆ ಶಬ್ದದ ವೇಗ ಏರುವುದರಿಂದ ಅಳತೆ ತಪ್ಪುತ್ತದೆ, ಉಷ್ಣಾಂಶದ ಸೆನ್ಸರ್ ಕೂಡ ಸೇರಿಸಬೇಕು ಎಂದು ಕೆಲವರು ವಾದಿಸುತ್ತಾರೆ. ಟ್ಯಾಂಕಿನೊಳಗಿನ ಗಾಳಿ 20 ಡಿಗ್ರಿಯಿಂದ 45 ಡಿಗ್ರಿಗೆ ಏರಿದರೂ 114 ಸೆಂಟಿಮೀಟರಿನ ಅಳತೆಯಲ್ಲಿ ಬರುವ ತಪ್ಪು 5 ಸೆಂಟಿಮೀಟರ್, ಅಂದರೆ 40 ಲೀಟರ್. ಮೋಟರ್ ಆನ್ ಮಾಡಲು ಇದು ತಲೆಕೆಡಿಸಿಕೊಳ್ಳುವ ವಿಷಯವಲ್ಲ.

ತಲೆಕೆಡಿಸಿಕೊಳ್ಳಬೇಕಾದದ್ದು ಬೇರೆ ಇದೆ. ಸೆನ್ಸರ್ ಮುಖದ ಮೇಲೆ ಹಬೆಯ ಹನಿ ಕೂತರೆ, ಒಳಬರುವ ಪೈಪಿನ ನೀರಿನ ಧಾರೆ ಅದರ ನೋಟಕ್ಕೆ ಅಡ್ಡ ಬಂದರೆ ಅಳತೆ ಹುಚ್ಚಾಪಟ್ಟೆ ಜಿಗಿಯುತ್ತದೆ. ಏಳು ಸಲ ಅಳೆದು, ಸಾಲಾಗಿ ಜೋಡಿಸಿ, ನಡುವಿನದನ್ನು ಮಾತ್ರ ನಂಬಬೇಕು. ಸರಾಸರಿ ತೆಗೆದರೆ ಒಂದು ಹುಚ್ಚು ಅಳತೆ ಉಳಿದ ಆರನ್ನೂ ಕೆಡಿಸುತ್ತದೆ. ಪ್ರತಿಧ್ವನಿ ಬಾರದೇ ಹೋದರೆ `pulseIn()` ಕೊಡುವುದು 0. ಅದನ್ನು ದೂರವೆಂದು ಓದಿದರೆ ನೀರು ಸೆನ್ಸರಿಗೇ ತಾಗಿದೆ ಎಂದಾಗುತ್ತದೆ. ಟ್ಯಾಂಕು ಒಣಗಿದ್ದರೂ ಮೋಟರ್ ಏಳುವುದಿಲ್ಲ, ಬೆಳಿಗ್ಗೆ ನಲ್ಲಿ ತಿರುಗಿಸಿದವರಿಗೇ ಮೊದಲು ಗೊತ್ತಾಗುತ್ತದೆ. 0 ಬಂದರೆ ಅದು ಅಳತೆಯಲ್ಲ, ದೂರು. ಬಜರ್ ಕೂಗಬೇಕು.

ಇಷ್ಟೆಲ್ಲ ಮಾಡಿದರೂ ಒಂದೇ ಸೆನ್ಸರ್ ನಂಬಿ ಮೋಟರ್ ಓಡಿಸುವುದು ಜಾಣತನವಲ್ಲ. ಟ್ಯಾಂಕಿನ ಮೇಲಂಚಿಗೆ ಒಂದು ಫ್ಲೋಟ್ ಸ್ವಿಚ್ ಹಾಕಬೇಕು. ಅದರ ಜೋಡಣೆಯಲ್ಲಿ ಒಂದು ಗುಟ್ಟಿದೆ. ನೀರು ಕೆಳಗಿದ್ದಾಗ ಸ್ವಿಚ್ ಮುಚ್ಚಿರಬೇಕು, ತುಂಬಿದಾಗ ತೆರೆದುಕೊಳ್ಳಬೇಕು. ಪಿನ್ನನ್ನು `INPUT_PULLUP` ಮಾಡಿ, ಸ್ವಿಚ್ಚಿನ ಇನ್ನೊಂದು ತುದಿಯನ್ನು ಗ್ರೌಂಡಿಗೆ ಕೊಟ್ಟರೆ, ಟ್ಯಾಂಕು ತುಂಬಿದಾಗ ಪಿನ್ `HIGH` ಆಗುತ್ತದೆ. ಇಲಿ ವೈರು ಕಡಿದರೂ `HIGH` ಆಗುತ್ತದೆ, ಮೋಟರ್ ನಿಲ್ಲುತ್ತದೆ. ಇದನ್ನೇ ಉಲ್ಟಾ ಜೋಡಿಸಿದವರ ಮನೆಯಲ್ಲಿ ವೈರು ಕಡಿದ ದಿನ ಮೋಟರ್ ನಿಲ್ಲುವುದೇ ಇಲ್ಲ.

ಮೂರನೆಯ ಕಾವಲು ಗಡಿಯಾರದ್ದು. 23 ನಿಮಿಷದ ಕೆಲಸಕ್ಕೆ 40 ನಿಮಿಷ ಹಿಡಿಯಿತೆಂದರೆ ಪೈಪು ಒಡೆದಿರಬಹುದು, ಸಂಪು ಬರಿದಾಗಿರಬಹುದು, ಸೆನ್ಸರ್ ಸುಳ್ಳು ಹೇಳುತ್ತಿರಬಹುದು. ಕಾರಣ ಯಾವುದೇ ಇರಲಿ, ಮೋಟರ್ ನಿಲ್ಲಬೇಕು. ಮನೆಯವರು ನೋಡಿ ಗುಂಡಿ ಒತ್ತುವ ತನಕ ಮತ್ತೆ ಏಳಬಾರದು. `delay()` ಬರೆದು ರೂಢಿಯಾದವರು ಅದನ್ನು ಬಿಡಬೇಕಾಗುವುದು ಇಲ್ಲೇ. ದೀಪ ಮಿಣುಕಿಸುವಾಗ ಹಾರಿಸಿ ಮುಂದೆ ಹೋದ `BlinkWithoutDelay` ಉದಾಹರಣೆ ಈಗ ಕೆಲಸಕ್ಕೆ ಬರುತ್ತದೆ.

```
bool floatOpen = (digitalRead(FLOAT) == HIGH);
if (!running && !fault && !floatOpen && level < 30) startPump();
if (running && (floatOpen || level > 90)) stopPump();
if (running && millis() - startedAt > 2400000UL) {
  stopPump(); fault = true;
}
```

`millis()` ಎಣಿಕೆ ಸುಮಾರು 50 ದಿನಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ. ಮೇಲಿನಂತೆ ಕಳೆದು ಹೋಲಿಸಿದರೆ ಅದರಿಂದ ತೊಂದರೆಯಿಲ್ಲ. `startedAt` ಅನ್ನು `unsigned long` ಎಂದು ಬರೆದಿರಬೇಕು, ಅಷ್ಟೇ.

ಇನ್ನು ಮೋಟರಿನ ಕಡೆಗೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ ನೀಲಿ ರಿಲೇ ಮಾಡ್ಯೂಲ್ ಮೇಲೆ 10 ಆಂಪಿಯರ್ ಎಂದು ಬರೆದಿರುತ್ತದೆ. ಅರ್ಧ ಎಚ್‌ಪಿ ಮೋಟರ್ ಓಡುವಾಗ ಅದಕ್ಕಿಂತ ಬಹಳ ಕಡಿಮೆಯೇ ಎಳೆಯುತ್ತದೆ. ಆದರೆ ಏಳುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆದು, ಕಿಡಿ ಹಾರಿಸಿ, ಒಂದು ದಿನ ರಿಲೇಯ ಕಾಂಟ್ಯಾಕ್ಟುಗಳನ್ನು ಬೆಸೆದುಬಿಡುತ್ತದೆ. ಆಮೇಲೆ ಪ್ರೋಗ್ರಾಂ ನಿಲ್ಲು ಎಂದರೂ ಮೋಟರ್ ನಿಲ್ಲದು. ರಿಲೇ ಟಿಕ್ ಎಂದ ಸದ್ದು ಕೇಳಿದರೂ ಮೋಟರ್ ಓಡುತ್ತಲೇ ಇದ್ದರೆ ಇದೇ ರೋಗ. ಆದ್ದರಿಂದ ಈ ರಿಲೇಯಿಂದ ಒಂದು ಕಾಂಟ್ಯಾಕ್ಟರಿನ ಕಾಯಿಲ್ ಮಾತ್ರ ಎಳೆಸಬೇಕು, ಮೋಟರಿನ ಹೊರೆಯನ್ನು ಕಾಂಟ್ಯಾಕ್ಟರ್ ಹೊರಲಿ.

ಇಂಥ ಮಾಡ್ಯೂಲುಗಳಲ್ಲಿ ಹಲವು `LOW` ಕೊಟ್ಟಾಗ ಆನ್ ಆಗುವಂಥವು. ಪಿನ್ನನ್ನು ಔಟ್‌ಪುಟ್ ಮಾಡಿದ ತಕ್ಷಣ ಅದು `LOW` ಆಗಿಯೇ ಶುರುವಾಗುವುದರಿಂದ, ಕರೆಂಟ್ ಹೋಗಿ ಬಂದಾಗಲೆಲ್ಲ ರಿಲೇ ಒಮ್ಮೆ ಬಡಿದುಕೊಳ್ಳುತ್ತದೆ. ಎರಡು ಸಾಲುಗಳ ಕ್ರಮ ಬದಲಿಸಿದರೆ ವಾಸಿ:

```
digitalWrite(RELAY, HIGH);
pinMode(RELAY, OUTPUT);
```

ಕರೆಂಟ್ ಬಂದ ಮೇಲೆ ಐದು ನಿಮಿಷ ಸುಮ್ಮನಿದ್ದು ಆಮೇಲೆ ಕೆಲಸ ಶುರು ಮಾಡುವುದೂ ಒಳ್ಳೆಯದು. ಬಂದು ಹೋಗಿ ಆಡುವ ಕರೆಂಟು ಅಷ್ಟರಲ್ಲಿ ನೆಲೆಗೊಂಡಿರುತ್ತದೆ.

ಕೊನೆಯ ಕಾವಲೇ ಹೆಚ್ಚು ಸ್ವಾರಸ್ಯದ್ದು. ನೀರಿಲ್ಲದೆ ಓಡಿದ ಪಂಪಿನ ಸೀಲ್ ಬಿಸಿಯಾಗಿ ಹಾಳಾಗುತ್ತದೆ. ಸಂಪಿನಲ್ಲೂ ಒಂದು ಫ್ಲೋಟ್ ಹಾಕಿದರೆ ಸಂಪು ಬರಿದಾದದ್ದು ತಿಳಿಯುತ್ತದೆ ನಿಜ. ಆದರೆ ಸಂಪಿನಲ್ಲಿ ನೀರಿದ್ದೂ, ಫುಟ್ ವಾಲ್ವ್ ಸೋರಿ ಪೈಪಿನ ನೀರೆಲ್ಲ ಇಳಿದು, ಮೋಟರ್ ಬರೀ ಗಾಳಿ ಎಳೆಯುವ ದಿನವೂ ಇರುತ್ತದೆ. ಅದನ್ನು ಫ್ಲೋಟ್ ಕಾಣದು. ಮೋಟರ್ ಎಳೆಯುವ ಕರೆಂಟನ್ನು ನೋಡಿದರೆ ಎರಡೂ ಗೊತ್ತಾಗುತ್ತವೆ, ಏಕೆಂದರೆ ಎತ್ತಲು ನೀರಿಲ್ಲದಾಗ ಆಂಪಿಯರ್ ಇಳಿಯುತ್ತದೆ. ವೈರಿನ ಸುತ್ತ ಚಿಮಟದಂತೆ ಕಚ್ಚುವ ಎಸ್‌ಸಿಟಿ-013-030 ಸೆನ್ಸರ್ ಇದಕ್ಕೆ ಸಾಕು. 30 ಆಂಪಿಯರಿಗೆ ಅದು 1 ವೋಲ್ಟ್ ಕೊಡುತ್ತದೆ. ಅದು ಎಸಿ ಸಂಕೇತವಾದ್ದರಿಂದ ಎರಡು 10 ಕಿಲೋ ಓಮ್ ರೆಸಿಸ್ಟರುಗಳಿಂದ 2.5 ವೋಲ್ಟಿನ ನಡುಗೆರೆ ಮಾಡಿ ಅದರ ಮೇಲೆ ಕೂರಿಸಬೇಕು. ಫೇಸ್, ನ್ಯೂಟ್ರಲ್ ಎರಡೂ ಇರುವ ಕೇಬಲ್ಲಿಗೇ ಕಚ್ಚಿಸಿದರೆ ಒಂದನ್ನೊಂದು ಹೊಡೆದು ಸೊನ್ನೆ ತೋರಿಸುತ್ತದೆ. ಫೇಸ್ ವೈರಿಗೆ ಮಾತ್ರ ಕಚ್ಚಿಸಬೇಕು.

ಇಲ್ಲೊಂದು ಮಿತಿಯಿದೆ. ಸಣ್ಣ ಸಿಂಗಲ್ ಫೇಸ್ ಮೋಟರುಗಳು ಹೊರೆಯಿಲ್ಲದಾಗಲೂ ಸಾಕಷ್ಟು ಕರೆಂಟ್ ಎಳೆಯುತ್ತವೆ, ಇಳಿಕೆ ಅರ್ಧದಷ್ಟು ಇರುತ್ತದೆಂದು ನಂಬಿ ಕೂರಬಾರದು. ನಿಮ್ಮದೇ ಮೋಟರ್ ನೀರು ಏರಿಸುವಾಗ ಎಷ್ಟು, ಗಾಳಿ ಎಳೆಯುವಾಗ ಎಷ್ಟು ಎಂದು ಕೆಲವೇ ಸೆಕೆಂಡು ಓಡಿಸಿ ಬರೆದುಕೊಂಡು, ನಡುವೆ ಗೆರೆ ಎಳೆಯಬೇಕು. ಮೋಟರ್ ಎದ್ದ ಮೊದಲ 20 ಸೆಕೆಂಡು ಈ ಅಳತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಎರಡು ಸಂಖ್ಯೆಗಳು ತೀರಾ ಹತ್ತಿರವಿದ್ದರೆ ಈ ಉಪಾಯ ಕೈಬಿಟ್ಟು, ಟ್ಯಾಂಕಿನ ಮಟ್ಟ ಐದು ನಿಮಿಷವಾದರೂ ಏರಲಿಲ್ಲವೆಂದರೆ ಮೋಟರ್ ನಿಲ್ಲಿಸುವಂತೆ ಬರೆಯುವುದೇ ವಾಸಿ.

ಇದನ್ನು ಈ ಭಾನುವಾರ ಕೈಗೆತ್ತಿಕೊಳ್ಳುವವರು ಮೊದಲ ವಾರ ಮೋಟರಿನ ಜಾಗದಲ್ಲಿ ಒಂದು ಬಲ್ಬು, ಟ್ಯಾಂಕಿನ ಜಾಗದಲ್ಲಿ ನೀರಿನ ಡ್ರಮ್ಮು ಇಟ್ಟುಕೊಳ್ಳಲಿ. ಒಂದೊಂದೇ ವೈರು ಕಿತ್ತು, ಪ್ರತಿ ಸಲವೂ ಬಲ್ಬು ಆರುತ್ತದೆಯೇ ನೋಡಲಿ. ಅದಾದ ಮೇಲೆ 230 ವೋಲ್ಟಿನ ಕಡೆಯ ಕಾಂಟ್ಯಾಕ್ಟರ್, ಎಂಸಿಬಿ, ಅರ್ಥಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಹಳೆಯ ಸ್ವಿಚ್ಚನ್ನು ಮಾತ್ರ ಕಿತ್ತು ಹಾಕಿಸಬೇಡಿ. ಬೋರ್ಡ್ ಕೈಕೊಟ್ಟ ದಿನ ಕೈಯಿಂದಲೇ ಮೋಟರ್ ಹಾಕಲು ಅದು ಅಲ್ಲಿರಲಿ.