ಒಂದೇ ಎಲೆ, ಎರಡೂ ಕಡೆ

ಎಲೆಯ ಫೋಟೊ ನೋಡಿ ರೋಗ ಗುರುತಿಸುವ ವಿದ್ಯಾರ್ಥಿ ಪ್ರಾಜೆಕ್ಟಿನ ವರದಿಯಲ್ಲಿ ‘ನಿಖರತೆ ಶೇ. 99’ ಎಂದು ಕಂಡಾಗ ನಾನು ಮೊದಲು ಕೇಳುವುದು ಎಲೆಗಳೆಷ್ಟು ಎಂದು. ಉತ್ತರವಾಗಿ ಸಿಗುವುದು ಬಹುತೇಕ ಫೋಟೊಗಳ ಲೆಕ್ಕ. ತಪ್ಪು ಅಲ್ಲಿಂದಲೇ ಶುರು.

ಲಿಂಬೆಯ ಕಜ್ಜಿ ರೋಗವನ್ನೇ ತೆಗೆದುಕೊಳ್ಳಿ. ದೇವರ ಹಿಪ್ಪರಗಿಯ ವಿದ್ಯಾರ್ಥಿನಿಯೊಬ್ಬಳು ಇಂಡಿ, ಸಿಂದಗಿ ಕಡೆಯ ತೋಟಗಳಿಂದ 60 ಎಲೆ ತಂದಳು ಎನ್ನೋಣ. ಒಂದೊಂದಕ್ಕೂ ಹತ್ತು ಫೋಟೊ ತೆಗೆದಳು, ಒಟ್ಟು 600. ಎಲ್ಲವನ್ನೂ ಕಲೆಸಿ 480 ಕಲಿಕೆಗೆ, 120 ಪರೀಕ್ಷೆಗೆ ಇಟ್ಟಳು. ಈಗ ಪರೀಕ್ಷೆಯ ಯಾವುದೇ ಫೋಟೊ ಎತ್ತಿಕೊಳ್ಳಿ. ಅದೇ ಎಲೆಯ ಉಳಿದ ಒಂಬತ್ತೂ ಪರೀಕ್ಷೆಯ ಪಾಲಿಗೇ ಬಿದ್ದಿರುವ ಸಂಭವ ಇಪ್ಪತ್ತು ಲಕ್ಷಕ್ಕೆ ಒಂದೂ ಇಲ್ಲ. ಅಂದರೆ ಪರೀಕ್ಷೆಯಲ್ಲಿ ಬರುವ ಎಲೆಯನ್ನೆಲ್ಲ ಮಾಡೆಲ್ ಮೊದಲೇ ನೋಡಿದೆ. ಕಜ್ಜಿಯ ಚುಕ್ಕೆ ಅದಕ್ಕೆ ಬೇಕಿಲ್ಲ; ಹರಿದ ಅಂಚು, ನರಗಳ ವಿನ್ಯಾಸ ನೆನಪಿದ್ದರೆ ಸಾಕು. ಒಂದೇ ಫೋಟೊವನ್ನು ತಿರುಗಿಸಿ, ಕತ್ತರಿಸಿ ಹತ್ತು ಮಾಡಿ ಆಮೇಲೆ ಪಾಲು ಮಾಡುವವರಿಗಂತೂ ಸೋರಿಕೆ ಇನ್ನೂ ಜಾಸ್ತಿ.

‘ಐದು ಸುತ್ತಿನ ಕ್ರಾಸ್ ವ್ಯಾಲಿಡೇಶನ್ ಮಾಡಿದ್ದೇವೆ’ ಎಂಬ ಸಮಜಾಯಿಷಿ ಇಲ್ಲಿ ನಿಲ್ಲುವುದಿಲ್ಲ. ಐದೂ ಸುತ್ತಿನಲ್ಲಿ ಅದೇ ಸೋರಿಕೆ. ಐದೂ ಅಂಕಿ ಹತ್ತಿರ ಹತ್ತಿರ ಬರುವುದರಿಂದ ಸುಳ್ಳು ಇನ್ನಷ್ಟು ಗಟ್ಟಿಯಾಗಿ ಕಾಣುತ್ತದೆ. ಪಾಲು ಮಾಡಬೇಕಾದದ್ದು ಎಲೆಗಳನ್ನು; ಅದಕ್ಕಿಂತ ಒಳ್ಳೆಯದು, ತೋಟಗಳನ್ನು:

```
gkf = GroupKFold(n_splits=5)
for tr, te in gkf.split(X, y, groups=farm_id):
    ...
```

ಇಲ್ಲಿ ನಿಖರತೆ ಥಟ್ಟನೆ ಕುಸಿದರೆ ಹಳೆಯ ಅಂಕಿ ಎಲ್ಲಿಂದ ಬಂದಿತ್ತೆಂದು ತಿಳಿಯುತ್ತದೆ. ಆದರೆ ಕಜ್ಜಿ ಎಲೆಗಳೆಲ್ಲ ಒಂದೇ ತೋಟದವಾಗಿದ್ದರೆ ಈ ವಿಧಾನವೂ ಸೋಲುತ್ತದೆ. ಆ ತೋಟ ಪರೀಕ್ಷೆಗೆ ಹೋದ ಸುತ್ತಿನಲ್ಲಿ ಕಲಿಯಲು ಕಜ್ಜಿಯೇ ಇರುವುದಿಲ್ಲ. ಆಗ ಮತ್ತೆ ತೋಟಕ್ಕೆ ಹೋಗಿ ಎಲೆ ತರಬೇಕು, ಕೋಡ್ ತಿದ್ದಿ ಪ್ರಯೋಜನವಿಲ್ಲ.

ತೋಟಕ್ಕೇ ಹೋಗದವರು ಪ್ಲಾಂಟ್‌ವಿಲೇಜ್ ಸಂಗ್ರಹ ಇಳಿಸಿಕೊಳ್ಳುತ್ತಾರೆ: 54,306 ಫೋಟೊ, 38 ವರ್ಗ. 2016ರಲ್ಲಿ ಮೊಹಾಂತಿ, ಹ್ಯೂಸ್, ಸಲಾಥೆ ಇದರ ಮೇಲೆ ಶೇ. 99.35 ಸಾಧಿಸಿದರು. ಒಂದೇ ಎಲೆಯವೆಂದು ಗೊತ್ತಿದ್ದ ಫೋಟೊಗಳನ್ನು ಅವರು ಒಂದೇ ಪಾಲಿನಲ್ಲಿ ಇಟ್ಟಿದ್ದರು. ಹೊರಗಿನ ಫೋಟೊಗಳಲ್ಲಿ ನಿಖರತೆ ಶೇ. 31ರ ಆಸುಪಾಸಿಗೆ ಇಳಿಯಿತೆಂದು ಅವರೇ ಪ್ರಾಮಾಣಿಕವಾಗಿ ಬರೆದರು. ನಮ್ಮ ವರದಿಗಳು ಮೊದಲ ಅಂಕಿಯನ್ನಷ್ಟೇ ಎತ್ತಿಕೊಂಡದ್ದು ನನಗೆ ನಿಜಕ್ಕೂ ನೋವಿನ ಸಂಗತಿ. ಇದೇ ಸಂಗ್ರಹದ ಮೇಲಿನ 2022ರ ಇನ್ನೊಂದು ಅಧ್ಯಯನದಲ್ಲಿ ಎಲೆಯನ್ನು ಬಿಟ್ಟು ಹಿನ್ನೆಲೆಯ 8 ಪಿಕ್ಸೆಲ್‌ಗಳನ್ನಷ್ಟೇ ಕೊಟ್ಟರೂ ಮಾಡೆಲ್ ಶೇ. 49 ಸರಿ ಹೇಳಿತು. ಸುಮ್ಮನೆ ಊಹಿಸಿದ್ದರೆ ಶೇ. 3 ಕೂಡ ಬರುತ್ತಿರಲಿಲ್ಲ.

ಇಂಡಿಯ ರೈತನಿಗೆ ತಟ್ಟುವ ಮಾತು ಬೇರೆಯೇ ಇದೆ. ಆ ಸಂಗ್ರಹದಲ್ಲಿ ಲಿಂಬೆ ಇಲ್ಲ, ಕಜ್ಜಿಯೂ ಇಲ್ಲ. ಲಿಂಬೆಯ ಕುಲದ್ದೆಂದರೆ ಕಿತ್ತಳೆಯೊಂದೇ, ಅದಕ್ಕೂ ಒಂದೇ ವರ್ಗ: ಗ್ರೀನಿಂಗ್ ರೋಗ. ಆರೋಗ್ಯವಂತ ಕಿತ್ತಳೆ ಎಲೆ ಒಂದೂ ಇಲ್ಲ. ಚೊಕ್ಕ ಲಿಂಬೆ ಎಲೆಯೊಂದು ಆ ಸಂಗ್ರಹದಿಂದ ಕಲಿತ ಮಾಡೆಲ್‌ಗೆ ಕಿತ್ತಳೆಯಂತೆ ಕಂಡರೆ, ರೋಗ ಎನ್ನದೆ ಅದಕ್ಕೆ ಬೇರೆ ಉತ್ತರವೇ ಇಲ್ಲ.