ಕಣ್ಣು ಮುಚ್ಚುವ ಮುಂಚಿನ ಕೆಲಸ

1955ರಲ್ಲಿ ಇಸ್ರೇಲ್ ಸೇನೆ ಡೇನಿಯಲ್ ಕಾನೆಮನ್ ಎಂಬ 21 ವರ್ಷದ ಲೆಫ್ಟಿನೆಂಟ್‌ಗೆ ಒಂದು ಕೆಲಸ ಒಪ್ಪಿಸಿತು. ಹೊಸದಾಗಿ ಸೇರುವ ಹುಡುಗರಲ್ಲಿ ಯಾರು ಯಾವ ಪಡೆಗೆ ಹೊಂದುತ್ತಾರೆ ಎಂದು ಗುರುತಿಸಲು ಹೊಸ ಸಂದರ್ಶನ ಪದ್ಧತಿಯೊಂದನ್ನು ರೂಪಿಸಬೇಕಿತ್ತು. ಅಲ್ಲಿಯವರೆಗಿನ ರೂಢಿಯಲ್ಲಿ ಸಂದರ್ಶಕರು ಹುಡುಗನ ಜೊತೆ ಕಾಲು ಗಂಟೆ, ಇಪ್ಪತ್ತು ನಿಮಿಷ ಮಾತಾಡಿ, ಇವನು ಒಳ್ಳೆಯ ಸೈನಿಕನಾಗಬಲ್ಲನೇ ಎಂದು ಮನಸ್ಸಿಗೆ ಬಂದ ಅಭಿಪ್ರಾಯವನ್ನು ಬರೆಯುತ್ತಿದ್ದರು. ಮುಂದೆ ಆ ಹುಡುಗರು ಪಡೆಯಲ್ಲಿ ಹೇಗೆ ನಡೆದುಕೊಂಡರು ಎಂಬುದರೊಂದಿಗೆ ಹೋಲಿಸಿದಾಗ ಆ ಅಭಿಪ್ರಾಯಗಳಿಂದ ಏನೇನೂ ಪ್ರಯೋಜನವಿಲ್ಲ ಎಂದು ಗೊತ್ತಾಗಿತ್ತು. ಅನುಭವಿಗಳ ಒಟ್ಟಾರೆ ಅಂದಾಜಿಗಿಂತ ಸರಳ ಲೆಕ್ಕದ ಸೂತ್ರಗಳೇ ಹೆಚ್ಚು ನಂಬಿಕಸ್ಥ ಎಂದು ತೋರಿಸಿದ್ದ ಪಾಲ್ ಮೀಲ್ ಅವರ ಪುಸ್ತಕ ಅದರ ಹಿಂದಿನ ವರ್ಷವಷ್ಟೇ ಬಂದಿತ್ತು. ಕಾನೆಮನ್ ಅದನ್ನು ಓದಿಕೊಂಡಿದ್ದರು.

ಅವರು ಆರು ಗುಣಗಳನ್ನು ಆರಿಸಿಕೊಂಡರು. ಜವಾಬ್ದಾರಿ, ಜನರೊಂದಿಗೆ ಬೆರೆಯುವುದು ಮುಂತಾದವು. ಒಂದೊಂದು ಗುಣಕ್ಕೂ ಹುಡುಗನ ಹಿಂದಿನ ಬದುಕಿನ ಬಗ್ಗೆ ನೇರವಾದ ಪ್ರಶ್ನೆಗಳಿದ್ದವು: ಎಷ್ಟು ಕಡೆ ಕೆಲಸ ಮಾಡಿದ್ದೀಯ, ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದೆಯಾ, ಗೆಳೆಯರನ್ನು ಎಷ್ಟು ಸಲ ಭೇಟಿಯಾಗುತ್ತೀಯ, ಯಾವ ಆಟ ಆಡುತ್ತೀಯ. ಒಂದು ಗುಣದ ಪ್ರಶ್ನೆಗಳು ಮುಗಿದ ಕೂಡಲೇ ಅದಕ್ಕೆ 1ರಿಂದ 5ರೊಳಗೆ ಅಂಕ ಕೊಟ್ಟು, ಆಮೇಲೆ ಮುಂದಿನದಕ್ಕೆ ಹೋಗಬೇಕು. ಒಟ್ಟಾರೆ ತೀರ್ಮಾನದ ಗೊಡವೆ ಸಂದರ್ಶಕರಿಗೆ ಬೇಡ. ಇದನ್ನು ಕೇಳಿ ಸಂದರ್ಶಕರು ಸಿಟ್ಟಾದರು, ನಮ್ಮನ್ನು ಯಂತ್ರ ಮಾಡುತ್ತಿದ್ದೀರಿ ಎಂದರು. ಕಾನೆಮನ್ ರಾಜಿಗೆ ಬಂದರು: ಆರು ಗುಣಗಳ ಕೆಲಸವನ್ನು ಹೇಳಿದ ಹಾಗೆಯೇ ಮುಗಿಸಿ, ಕೊನೆಯಲ್ಲಿ ಕಣ್ಣು ಮುಚ್ಚಿ, ಈ ಹುಡುಗನನ್ನು ಸೈನಿಕನಾಗಿ ಕಲ್ಪಿಸಿಕೊಳ್ಳಿ, ಮನಸ್ಸಿಗೆ ತೋಚಿದ ಅಂಕವನ್ನು 1ರಿಂದ 5ರೊಳಗೆ ಬರೆಯಿರಿ.

ಕೆಲವು ತಿಂಗಳ ನಂತರ ಪಡೆಗಳ ಅಧಿಕಾರಿಗಳ ವರದಿ ಬಂತು. ಆರು ಅಂಕಗಳ ಮೊತ್ತ ಹಳೆಯ ಸಂದರ್ಶನಕ್ಕಿಂತ ಎಷ್ಟೋ ಚೆನ್ನಾಗಿ ಮುಂದಿನದನ್ನು ಹೇಳಿತ್ತು. ಕಾನೆಮನ್ ನಿರೀಕ್ಷಿಸದೇ ಇದ್ದದ್ದು ಇನ್ನೊಂದು. ಕಣ್ಣು ಮುಚ್ಚಿ ಕೊಟ್ಟ ಅಂಕವೂ ಆ ಮೊತ್ತದಷ್ಟೇ ಚೆನ್ನಾಗಿ ಹೇಳಿತ್ತು. ಹಾಗಾಗಿ ಅಂತಿಮ ಸೂತ್ರದಲ್ಲಿ ಅವರು ಎರಡಕ್ಕೂ ಸಮ ತೂಕ ಕೊಟ್ಟರು. ಈ ಪದ್ಧತಿ ದಶಕಗಳ ಕಾಲ ಅಲ್ಲಿ ಉಳಿಯಿತು. 2011ರ ತಮ್ಮ ಪುಸ್ತಕ ‘ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ’ನಲ್ಲಿ ಕಾನೆಮನ್ ಇದನ್ನೆಲ್ಲ ವಿವರವಾಗಿ ಹೇಳಿದ್ದಾರೆ.

ಆದರೆ ಅದೇ ಪುಸ್ತಕದಲ್ಲಿ, ಕೆಲಸಕ್ಕೆ ಜನರನ್ನು ಆರಿಸುವವರಿಗೆ ಅವರು ಕೊಡುವ ಸಲಹೆ ಬೇರೆ ದಿಕ್ಕಿಗೆ ಹೋಗುತ್ತದೆ. ಆರು ಗುಣ ಆರಿಸಿ, ಅಂಕ ಕೊಡಿ, ಕೂಡಿಸಿ. ಇನ್ನೊಬ್ಬರು ಹೆಚ್ಚು ಇಷ್ಟವಾದರೂ ಹೆಚ್ಚು ಅಂಕ ಬಂದವರನ್ನೇ ತೆಗೆದುಕೊಳ್ಳುತ್ತೇನೆಂದು ಮೊದಲೇ ನಿರ್ಧರಿಸಿ ಎನ್ನುತ್ತಾರೆ. ಸೇನೆಯಲ್ಲಿ ಅರ್ಧ ತೂಕ ಪಡೆದ ಕಣ್ಣು ಮುಚ್ಚಿದ ಅಂಕಕ್ಕೆ ಇಲ್ಲಿ ಜಾಗವಿಲ್ಲ. ಇಬ್ಬರ ನಡುವೆ ಅಂಕಗಳ ಅಂತರ ದೊಡ್ಡದಿದ್ದರೆ ಈ ಎರಡು ಮಾತುಗಳ ನಡುವಿನ ಬಿರುಕು ಯಾರಿಗೂ ತೊಂದರೆ ಕೊಡುವುದಿಲ್ಲ. ಅಂಕಗಳು ಹೆಚ್ಚುಕಡಿಮೆ ಸಮ ಬಂದಾಗ ಮಾತ್ರ ಅದು ಬಾಯಿ ತೆರೆಯುತ್ತದೆ. ಈ ಪದ್ಧತಿಯ ನಿಜವಾದ ಪರೀಕ್ಷೆಯೂ ಅಲ್ಲಿಯೇ ಎಂದು ನನಗನ್ನಿಸುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ತಾಲ್ಲೂಕು ಕೇಂದ್ರದ ಒಂದು ಖಾಸಗಿ ಪ್ರೌಢಶಾಲೆಗೆ ಗಣಿತದ ಶಿಕ್ಷಕರು ಬೇಕು. ಕೊನೆಗೆ ಇಬ್ಬರು ಉಳಿದಿದ್ದಾರೆ. ಮುಖ್ಯೋಪಾಧ್ಯಾಯಿನಿ ಆರು ಗುಣ ಇಟ್ಟುಕೊಂಡಿದ್ದಾರೆ: ವಿಷಯಜ್ಞಾನ, ಬೋರ್ಡಿನ ಮೇಲೆ ಬಿಡಿಸಿ ಹೇಳುವುದು, ತರಗತಿಯನ್ನು ಹತೋಟಿಯಲ್ಲಿಡುವುದು, ನೋಟ್‌ಬುಕ್ ತಿದ್ದುವ ಶ್ರದ್ಧೆ, ಒಂದೇ ಶಾಲೆಯಲ್ಲಿ ನೆಲೆನಿಲ್ಲುವುದು, ಸಹೋದ್ಯೋಗಿಗಳ ಮತ್ತು ಪೋಷಕರ ಜೊತೆಗಿನ ನಡವಳಿಕೆ. ಇದೇ ಸಾಲಿನಲ್ಲಿ ಮೊದಲನೆಯವರಿಗೆ 5, 3, 4, 4, 3, 4 ಬಂದಿದೆ, ಒಟ್ಟು 23. ಎರಡನೆಯವರಿಗೆ 4, 4, 3, 4, 4, 3, ಒಟ್ಟು 22. ಪುಸ್ತಕದ ಸಲಹೆಯಂತೆ ಮೊದಲನೆಯವರಿಗೆ ಆದೇಶಪತ್ರ ಕೊಟ್ಟು ಎದ್ದುಬಿಡಬಹುದು.

ಆ ಒಂದು ಅಂಕ ಎಲ್ಲಿಂದ ಬಂತು ಎಂದು ಸ್ವಲ್ಪ ಕೆದಕಿದರೆ ನೆಲ ಸಡಿಲವಿರುವುದು ಕಾಣುತ್ತದೆ. ಗಣಿತದಲ್ಲಿ ಬೋರ್ಡಿನ ಮೇಲೆ ಬಿಡಿಸಿ ಹೇಳುವುದೇ ಮುಖ್ಯ ಎಂದು ಆ ಅಂಕವನ್ನು ಎರಡು ಪಟ್ಟು ಮಾಡಿದರೆ ಇಬ್ಬರಿಗೂ 26. ವರ್ಷದ ನಡುವೆ ಬಿಟ್ಟುಹೋಗದವರು ಬೇಕು ಎಂದು ನೆಲೆನಿಲ್ಲುವ ಗುಣವನ್ನೂ ಎರಡು ಪಟ್ಟು ಮಾಡಿದರೆ ಎರಡನೆಯವರು 30, ಮೊದಲನೆಯವರು 29. ವಿಷಯಜ್ಞಾನವೊಂದನ್ನೇ ಎರಡು ಪಟ್ಟು ಮಾಡಿದರೆ ಮೊದಲನೆಯವರು ಮತ್ತೆ 28ಕ್ಕೆ 26ರಂತೆ ಮುಂದೆ. ಈ ಮೂರೂ ತೂಕಗಳು ಒಂದು ಶಾಲೆಗೆ ನ್ಯಾಯವಾದವೇ. ಇಷ್ಟು ಸಣ್ಣ ಅಲುಗಾಟಕ್ಕೆ ಸ್ಥಾನ ಬದಲಾಗುವುದಾದರೆ ಪಟ್ಟಿ ಇನ್ನೂ ಯಾರನ್ನೂ ಆರಿಸಿಲ್ಲ ಎಂದರ್ಥ.

ಇದಕ್ಕಿಂತ ಗಟ್ಟಿಯಾದ ಪರೀಕ್ಷೆ ಇನ್ನೊಂದಿದೆ. ಅದೇ ಡೆಮೊ ಕ್ಲಾಸಿನಲ್ಲಿ, ಅದೇ ಸಂದರ್ಶನದಲ್ಲಿ ಕುಳಿತಿದ್ದ ಮತ್ತೊಬ್ಬರು ಮುಖ್ಯೋಪಾಧ್ಯಾಯಿನಿಯ ಅಂಕ ನೋಡದೆ ತಾವೇ ಬೇರೆಯಾಗಿ ಅಂಕ ಹಾಕಬೇಕು. ಅವರ ಹಾಳೆಯಲ್ಲಿ ಮೊದಲನೆಯವರಿಗೆ 21, ಎರಡನೆಯವರಿಗೆ 23 ಬಂದಿತೆನ್ನಿ. ಒಬ್ಬರೇ ಅಭ್ಯರ್ಥಿಗೆ ಇಬ್ಬರು ಕೊಟ್ಟ ಅಂಕದಲ್ಲಿ 2ರ ವ್ಯತ್ಯಾಸ ಇರುವಾಗ, ಇಬ್ಬರು ಅಭ್ಯರ್ಥಿಗಳ ನಡುವಿನ 1 ಅಂಕಕ್ಕೆ ಬೆಲೆಯಿಲ್ಲ. ಇಲ್ಲಿ ಹಲವರು ಇನ್ನಷ್ಟು ಕಾಲಂ ಸೇರಿಸುತ್ತಾರೆ, ದಶಾಂಶ ಅಂಕ ಕೊಡಲು ತೊಡಗುತ್ತಾರೆ. ಅದರಿಂದ ಸೂಕ್ಷ್ಮತೆ ಹೆಚ್ಚುವುದಿಲ್ಲ. ಮನಸ್ಸಿನಲ್ಲಿ ಆಗಲೇ ಗೆದ್ದವರ ಕಡೆಗೆ ತೂಕಗಳು ವಾಲಲು ಅವಕಾಶ ಮಾತ್ರ ಹೆಚ್ಚುತ್ತದೆ. ಅಂಕ ಕೂಡಿಸಿದ ಮೇಲೆ ತೂಕ ಬದಲಿಸಲು ಕೈ ಹೋಯಿತೆಂದರೆ, ಆ ಕೈಯನ್ನು ನಡೆಸುತ್ತಿರುವುದು ಒಳಮನಸ್ಸು. ಅದನ್ನು ಲೆಕ್ಕದ ವೇಷದಲ್ಲಿ ಒಳಗೆ ಬಿಡುವ ಬದಲು ಅದರ ಹೆಸರಿನಲ್ಲೇ ಮಾತಾಡಿಸುವುದು ಮೇಲು. ಕಾನೆಮನ್ ಅವರ ಹಳೆಯ ರಾಜಿಸೂತ್ರ ಮಾಡುವುದು ಅದನ್ನೇ.

ಹಾಗಾದರೆ ಆ ಸೂತ್ರವನ್ನೇ ಹಾಕಿ ನೋಡೋಣ. ಮುಖ್ಯೋಪಾಧ್ಯಾಯಿನಿ ಕಣ್ಣು ಮುಚ್ಚಿ ಇಬ್ಬರನ್ನೂ ಒಂಬತ್ತನೇ ತರಗತಿಯಲ್ಲಿ, ಮಧ್ಯಾಹ್ನದ ಊಟದ ನಂತರದ ಪೀರಿಯಡ್ಡಿನಲ್ಲಿ ಕಲ್ಪಿಸಿಕೊಳ್ಳುತ್ತಾರೆ. ಮೊದಲನೆಯವರಿಗೆ 3, ಎರಡನೆಯವರಿಗೆ 4 ಬರೆಯುತ್ತಾರೆ. ಆರು ಅಂಕಗಳ ಸರಾಸರಿ ಕ್ರಮವಾಗಿ 3.83 ಮತ್ತು 3.67. ಸರಾಸರಿಗೂ ಕಣ್ಣು ಮುಚ್ಚಿದ ಅಂಕಕ್ಕೂ ಸಮ ತೂಕ ಕೊಟ್ಟರೆ ಮೊದಲನೆಯವರು 3.42ರ ಹತ್ತಿರ, ಎರಡನೆಯವರು 3.83ರ ಹತ್ತಿರ ನಿಲ್ಲುತ್ತಾರೆ. ತೀರ್ಮಾನ ತಿರುಗಿತು. ಇಬ್ಬರ ಮೊತ್ತ 27 ಮತ್ತು 19 ಆಗಿದ್ದರೆ ಸರಾಸರಿಗಳ ನಡುವೆ 1.33ರಷ್ಟು ಅಂತರವಿರುತ್ತಿತ್ತು. ಒಳಮನಸ್ಸಿನ ಒಂದು ಅಂಕ ಅದನ್ನು ದಾಟಲಾರದು. ಹೆಸರಿಗೆ ಅರ್ಧ ತೂಕ ಎಂದಿದ್ದರೂ, ಅಂಕಗಳು ಸಮೀಪವಿರುವಾಗ ಈ ಸೂತ್ರ ಇಡೀ ತೀರ್ಮಾನವನ್ನು ಒಳಮನಸ್ಸಿನ ಕೈಗೆ ಕೊಟ್ಟುಬಿಡುತ್ತದೆ. ಇದನ್ನು ಬಳಸುವವರು ಇದನ್ನು ಸ್ಪಷ್ಟವಾಗಿ ತಿಳಿದಿರಬೇಕು. ಸೇನೆಯ ಪ್ರಯೋಗ ಸಾಬೀತು ಮಾಡಿದ್ದು ಎಲ್ಲ ಹುಡುಗರನ್ನೂ ಒಟ್ಟಿಗೆ ತೆಗೆದುಕೊಂಡರೆ ಆ ಅಂಕ ಚೆನ್ನಾಗಿ ಹೇಳುತ್ತದೆ ಎಂದಷ್ಟೇ. ಸಮಸಮ ಬಂದ ಇಬ್ಬರಲ್ಲಿ ಸರಿಯಾದವರನ್ನೇ ಅದು ತೋರಿಸುತ್ತದೆ ಎಂದು ಆ ಪ್ರಯೋಗದಿಂದ ಹೇಳಲಾಗದು.

ಆದ್ದರಿಂದ ಪ್ರಶ್ನೆ ಯಾರ ಮನಸ್ಸು ಎಂಬಲ್ಲಿಗೆ ಬರುತ್ತದೆ. 2009ರಲ್ಲಿ ಕಾನೆಮನ್, ಅಗ್ನಿಶಾಮಕ ದಳದವರ ಕ್ಷಿಪ್ರ ನಿರ್ಧಾರಗಳನ್ನು ಅಧ್ಯಯನ ಮಾಡಿದ್ದ ಗ್ಯಾರಿ ಕ್ಲೈನ್ ಅವರೊಂದಿಗೆ ಒಂದು ಲೇಖನ ಬರೆದರು. ಒಬ್ಬರು ಅನುಭವಿಗಳ ಅಂತಃಪ್ರಜ್ಞೆಯನ್ನು ಅನುಮಾನಿಸುವವರು, ಇನ್ನೊಬ್ಬರು ನಂಬುವವರು. ಇಬ್ಬರೂ ಒಪ್ಪಿದ ಷರತ್ತುಗಳು ಎರಡು: ಆ ಕ್ಷೇತ್ರದಲ್ಲಿ ಹಿಡಿದಿಟ್ಟುಕೊಳ್ಳಬಹುದಾದ ಕ್ರಮಬದ್ಧತೆ ಇರಬೇಕು; ತಾನು ಅಂದುಕೊಂಡದ್ದು ಸರಿಯೋ ತಪ್ಪೋ ಎಂದು ಮತ್ತೆಮತ್ತೆ ತಿಳಿಯುವ ಅವಕಾಶ ವ್ಯಕ್ತಿಗೆ ಸಿಕ್ಕಿರಬೇಕು. ಮುಖ್ಯೋಪಾಧ್ಯಾಯಿನಿ ತಾವು ಆರಿಸಿದ ಶಿಕ್ಷಕರ ತರಗತಿಯ ಹೊರಗೆ ದಿನವೂ ಓಡಾಡಿದವರು, ಅವರ ಮಕ್ಕಳ ಉತ್ತರಪತ್ರಿಕೆ ನೋಡಿದವರು. ವರ್ಷಕ್ಕೊಮ್ಮೆ ಸಂದರ್ಶನಕ್ಕೆ ಬಂದು ಕೂರುವ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಆ ಪಾಠ ಸಿಕ್ಕಿಲ್ಲ, ಅವರ ಆತ್ಮವಿಶ್ವಾಸ ಎಷ್ಟೇ ಇರಲಿ. ಸಂದರ್ಶನದ ಕೋಣೆಯಲ್ಲಿ ಹೆಚ್ಚು ಗಟ್ಟಿಯಾಗಿ ಕೇಳುವುದು ಅಧ್ಯಕ್ಷರ ದನಿಯೇ ಎಂಬುದು ನನಗೆ ನಿಜವಾಗಿಯೂ ಆತಂಕ ತರುವ ಸಂಗತಿ. ಮುಖ್ಯೋಪಾಧ್ಯಾಯಿನಿಯ ಅನುಭವಕ್ಕೂ ಒಂದು ಮಿತಿಯಿದೆ. ಅವರು ಬೇಡವೆಂದವರು ಬೇರೆ ಶಾಲೆಯಲ್ಲಿ ಹೇಗೆ ಪಾಠ ಮಾಡಿದರು ಎಂಬುದು ಅವರಿಗೆ ತಿಳಿಯುವುದಿಲ್ಲ.

ಎರಡನೆಯವರಿಗೆ 4 ಯಾಕೆ ಬಂತು ಎಂದು ಅವರನ್ನು ಕೇಳಬೇಕು. ಡೆಮೊ ಕ್ಲಾಸಿನಲ್ಲಿ ಒಬ್ಬ ಹುಡುಗ ತಪ್ಪು ಉತ್ತರ ಹೇಳಿದಾಗ ಇವರು ಸರಿ ಉತ್ತರ ಬರೆದು ಮುಂದೆ ಹೋಗಲಿಲ್ಲ, ಹೇಗೆ ಬಂತು ತೋರಿಸು ಎಂದು ಅವನನ್ನೇ ಬೋರ್ಡಿಗೆ ಕರೆದರು ಎಂದು ಅವರು ಹೇಳಬಹುದು. ಹಾಗಾದರೆ ಮನಸ್ಸು ಹಿಡಿದದ್ದು ಪಟ್ಟಿಯಲ್ಲಿ ಬಿಟ್ಟುಹೋದ ಏಳನೇ ಗುಣ, ಮಗುವಿನ ತಪ್ಪನ್ನು ಕೈಗೆತ್ತಿಕೊಳ್ಳುವ ಬಗೆ. ಮೊದಲನೆಯವರ ತರಗತಿಯಲ್ಲಿ ಯಾರೂ ತಪ್ಪು ಹೇಳಿಯೇ ಇರಲಿಲ್ಲವಾದರೆ, ಇನ್ನೊಂದು ಸಣ್ಣ ಡೆಮೊ ಕ್ಲಾಸ್ ಇಟ್ಟು ಅದೇ ಅವಕಾಶವನ್ನು ಅವರಿಗೂ ಕೊಡಬೇಕು. ಉತ್ತರ ಬೇರೆ ರೀತಿ ಬರಬಹುದು: ನಮ್ಮ ಕಡೆಯವರ ಹಾಗೆ ಮಾತಾಡುತ್ತಾರೆ, ನೋಡಿದರೆ ಶಿಸ್ತು ಕಾಣುತ್ತದೆ. ಆಗ ಆ 4 ಅನ್ನು ತೆಗೆದುಹಾಕಬೇಕು. ಜಾತಿ, ಊರು, ಉಡುಪು, ಇಂಗ್ಲಿಷಿನ ಸರಾಗ ಇವು ನಮ್ಮಲ್ಲಿ ಒಳಮನಸ್ಸಿನ ಹೆಸರಿನಲ್ಲಿ ತೀರಾ ಸುಲಭವಾಗಿ ಒಳಗೆ ಬರುತ್ತವೆ. ಏನೂ ಹೇಳಲಾಗದೆ, ಯಾಕೋ ಹಾಗನ್ನಿಸಿತು ಎಂದಷ್ಟೇ ಅಂದರೆ? ಕ್ಲೈನ್ ಹೇಳುವ ಅನುಭವ ಇರುವವರ ಮಾತಾದರೆ ಅದನ್ನು ಇಟ್ಟುಕೊಳ್ಳಬಹುದು. ಇಲ್ಲದವರದ್ದಾದರೆ ಚೀಟಿ ಎತ್ತುವುದು ಅದಕ್ಕಿಂತ ನ್ಯಾಯವಾದದ್ದು. ಚೀಟಿಗೆ ಕನಿಷ್ಠ ಪಕ್ಷಪಾತವಿಲ್ಲ.

ಇಷ್ಟಕ್ಕೂ ಕಣ್ಣು ಮುಚ್ಚುವ ಕ್ರಮಕ್ಕೆ ಬಲ ಬರುವುದು ಅದು ಕೊನೆಯಲ್ಲಿ ಬರುವುದರಿಂದ. ಸೇನೆಯ ಹಳೆಯ ಸಂದರ್ಶನದಲ್ಲೂ ಅದೇ ಜನರ ಮನಸ್ಸೇ ಕೆಲಸ ಮಾಡಿತ್ತು, ಏನೂ ಹೇಳಲಾರದೆ ಸೋತಿತ್ತು. ಆರು ಗುಣಗಳ ಬಗ್ಗೆ ಒಂದೊಂದಾಗಿ ವಿಚಾರಿಸಿದ ಮೇಲೆ ಅದಕ್ಕೆ ಹಿಡಿದುಕೊಳ್ಳಲು ಏನಾದರೂ ಸಿಕ್ಕಿತು. ಮೊದಲ ನೋಟದಲ್ಲೇ ತೀರ್ಮಾನ ಆಗಿಬಿಟ್ಟಿದ್ದರೆ ಹಾಳೆಯೇ ಅದನ್ನು ಹೇಳುತ್ತದೆ: ಒಬ್ಬರಿಗೆ ಆರೂ ಕಡೆ 4, ಇನ್ನೊಬ್ಬರಿಗೆ ಆರೂ ಕಡೆ 3. ವಿಷಯಜ್ಞಾನ ಚೆನ್ನಾಗಿದ್ದವರು ನೋಟ್‌ಬುಕ್ ತಿದ್ದುವುದರಲ್ಲೂ ಅಷ್ಟೇ ಚೆನ್ನಾಗಿರಬೇಕೆಂದೇನೂ ಇಲ್ಲ. ಅಂಕಗಳು ಹೀಗೆ ಒಂದೇ ಸಾಲಿನಲ್ಲಿ ನಿಂತಿದ್ದರೆ ಆ ಹಾಳೆಯನ್ನು ಬದಿಗಿಟ್ಟು ಹೊಸದಾಗಿ ಕೇಳಬೇಕು.

ಇದೆಲ್ಲ ಬೇರೊಬ್ಬರು ಮುಂದೆ ಹೇಗೆ ಕೆಲಸ ಮಾಡುತ್ತಾರೆ ಎಂದು ಊಹಿಸುವ ಸಂದರ್ಭಕ್ಕೆ ಹೇಳಿದ್ದು. ನಮಗೆ ಏನು ಹಿಡಿಸುತ್ತದೆ ಎಂಬ ಪ್ರಶ್ನೆಯಲ್ಲಿ ಕ್ರಮವೇ ಬೇರೆ. 1993ರಲ್ಲಿ ಟಿಮೊಥಿ ವಿಲ್ಸನ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಗೋಡೆಗೆ ಅಂಟಿಸುವ ಪೋಸ್ಟರುಗಳಲ್ಲಿ ಒಂದನ್ನು ಆರಿಸಿ ಮನೆಗೆ ಒಯ್ಯಲು ಹೇಳಿದರು. ಇಷ್ಟಕ್ಕೆ ಕಾರಣಗಳನ್ನು ಬರೆದು ಆಮೇಲೆ ಆರಿಸಿದವರು ಕೆಲವು ವಾರಗಳ ನಂತರ, ಸುಮ್ಮನೆ ಆರಿಸಿದವರಿಗಿಂತ ಕಡಿಮೆ ತೃಪ್ತರಾಗಿದ್ದರು. ಮಾತಿಗೆ ಸುಲಭವಾಗಿ ಸಿಗುವ ಕಾರಣಗಳು ಮಾತಿಗೆ ಸಿಗದ ಇಷ್ಟವನ್ನು ಪಕ್ಕಕ್ಕೆ ತಳ್ಳಿದ್ದವು. ಬಾಡಿಗೆ, ನೀರು, ದೂರ ಎಲ್ಲವೂ ಸಮ ಬಂದ ಎರಡು ಮನೆಗಳಲ್ಲಿ ಯಾವುದರಲ್ಲಿ ಕೂರಬೇಕೆನ್ನಿಸುತ್ತದೋ ಅದನ್ನು ಹಿಡಿಯಲು ಯಾವ ವಿವರಣೆಯೂ ಬೇಡ. ಅಲ್ಲಿ ಮನಸ್ಸು ಊಹೆ ಮಾಡುತ್ತಿಲ್ಲ, ತನ್ನದೇ ಸುದ್ದಿ ಹೇಳುತ್ತಿದೆ.

ಶಾಲೆಯ ವಿಷಯದಲ್ಲಿ ಕಾನೆಮನ್ ಪದ್ಧತಿಗೆ ನಾನು ಸೇರಿಸುವುದು ಎರಡೇ. ಚರ್ಚೆಗೆ ಮುಂಚೆಯೇ ಪ್ರತಿಯೊಬ್ಬರೂ ತಮ್ಮ ಆರು ಅಂಕಗಳನ್ನೂ ಕಣ್ಣು ಮುಚ್ಚಿದ ಅಂಕವನ್ನೂ ಬರೆದು ಸಹಿ ಹಾಕಿ ಕೊಡಬೇಕು. ಇಲ್ಲದಿದ್ದರೆ ಅಧ್ಯಕ್ಷರು ಬಾಯಿ ತೆರೆದ ಮೇಲೆ ಎಲ್ಲರ ಮನಸ್ಸೂ ಒಂದೇ ಮಾತು ಹೇಳುತ್ತದೆ. ಆ ಹಾಳೆಗಳನ್ನು ಶಾಲೆಯ ಕಡತದಲ್ಲಿಟ್ಟು, ಮುಂದಿನ ಏಪ್ರಿಲ್‌ನಲ್ಲಿ ಗಣಿತದ ಫಲಿತಾಂಶ ಮತ್ತು ನೋಟ್‌ಬುಕ್‌ಗಳನ್ನು ಎದುರಿಗಿಟ್ಟುಕೊಂಡು ತೆಗೆದು ಓದಬೇಕು. ಯಾರ ಒಳಮನಸ್ಸಿಗೆ ಮುಂದಿನ ಸಲ ತೂಕ ಕೊಡಬೇಕೆಂದು ತಿಳಿಯಲು ಆ ಶಾಲೆಗೆ ಬೇರೆ ದಾರಿಯಿಲ್ಲ.